ಹತ್ತು ಲಕ್ಷ ಅಡಿಕೆ ಲಾಟುಗಳು ಮತ್ತು ಒಂದು ಲಿಂಕ್ಡ್ ಲಿಸ್ಟ್

ಪ್ರಶ್ನೆ: "ನಡುವೆ ಸೇರಿಸುವುದು, ತೆಗೆಯುವುದು ಜಾಸ್ತಿ ಇದ್ದರೆ ಲಿಂಕ್ಡ್ ಲಿಸ್ಟ್ ಬಳಸಬೇಕು ಎಂದು ಓದಿದ್ದೇನೆ. ನನ್ನ ಪ್ರೋಗ್ರಾಮಿನಲ್ಲಿ ಅದೇ ತುಂಬಾ ನಿಧಾನ. ವೇಗ ಹೆಚ್ಚಿಸುವುದು ಹೇಗೆ?"

ಲಿಸ್ಟಿನ ವೇಗ ಹೆಚ್ಚಿಸುವ ಪ್ರಯತ್ನವನ್ನೇ ಬಿಡಿ, ಅದರ ಜಾಗದಲ್ಲಿ ಅರೇ ಹಾಕಿ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾನು ಸಿ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಾಗ ನಾನೂ ಅದೇ ಪಾಠವನ್ನು ನಂಬಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬರುವ ಲಾಟುಗಳು ಬಗೆ ಮತ್ತು ಧಾರಣೆಯ ಕ್ರಮದಲ್ಲಿ ನಡುನಡುವೆ ಸೇರಬೇಕಿತ್ತು, ರದ್ದಾದವು ಹೋಗಬೇಕಿತ್ತು. ಹಾಗಾಗಿ ಪ್ರತಿ ಲಾಟಿಗೂ ಒಂದು ನೋಡ್ ಮಾಡಿದೆ:

```c
struct lot {
    int tuka, dharane;
    struct lot *hindina, *mundina;
};
```

ನನ್ನ ಯಂತ್ರದಲ್ಲಿ ಪರೀಕ್ಷಿಸಿದಾಗ ಅದು ಸಲೀಸಾಗಿ ಓಡಿತು. ಮಂಡಿಯಲ್ಲಿ ಹಲವು ವರ್ಷಗಳ ಹತ್ತು ಲಕ್ಷ ಲಾಟುಗಳನ್ನು ತುಂಬಿ ಒಟ್ಟು ತೂಕ ಕೇಳಿದಾಗ ತೆವಳಿತು. ತಪ್ಪಿದ್ದದ್ದು ನನ್ನ ಪರೀಕ್ಷೆಯಲ್ಲಿ, ಮತ್ತು ಅದನ್ನು ಬಿಡಿಸಿ ಹೇಳಲೇಬೇಕು. ನಾನು ನೋಡ್‌ಗಳನ್ನು ಒಂದರ ಹಿಂದೆ ಒಂದರಂತೆ `malloc` ಮಾಡಿ, ಅದೇ ಕ್ರಮದಲ್ಲಿ ಜೋಡಿಸಿ, ಕೂಡಲೇ ಅಳೆದಿದ್ದೆ. ಹೊಸದಾಗಿ ಕಟ್ಟಿದ ಇಂಥ ಲಿಸ್ಟಿನಲ್ಲಿ ನೋಡ್‌ಗಳು ಮೆಮೊರಿಯಲ್ಲಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ, ಅಂದರೆ ಅದು ಹೆಚ್ಚುಕಡಿಮೆ ಅರೇಯಂತೆಯೇ ವರ್ತಿಸುತ್ತದೆ. ನಿಜವಾದ ಬಳಕೆಯಲ್ಲಿ ಲಾಟುಗಳು ಬಂದ ಕ್ರಮ ಬೇರೆ, ಧಾರಣೆಯ ಕ್ರಮ ಬೇರೆ. ಪಾಯಿಂಟರ್‌ಗಳನ್ನು ಮಾತ್ರ ಬದಲಿಸುವುದರಿಂದ ನೋಡ್‌ಗಳು ಇದ್ದಲ್ಲೇ ಉಳಿಯುತ್ತವೆ, ಅವುಗಳ ಮೇಲಿನ ನಡಿಗೆಯೊಂದು ಮೆಮೊರಿಯ ಉದ್ದಗಲಕ್ಕೂ ಚದುರಿಹೋಗುತ್ತದೆ. ಲಿಸ್ಟನ್ನು ಅಳೆಯುವವರು ಮೊದಲು ಅದರ ಕ್ರಮವನ್ನು ಕಲಸಬೇಕು, ಇಲ್ಲದಿದ್ದರೆ ಆ ಅಳತೆಗೆ ಬೆಲೆಯಿಲ್ಲ.

ಚದುರಿದರೆ ಅಷ್ಟು ನಷ್ಟ ಏಕೆಂದರೆ, ಪ್ರೊಸೆಸರ್ ಮೆಮೊರಿಯಿಂದ ಬೇಕಾದ ನಾಲ್ಕು ಬೈಟ್‌ಗಳನ್ನಷ್ಟೇ ತರುವುದಿಲ್ಲ. ತನ್ನ ಪಕ್ಕದಲ್ಲೇ ಇರುವ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್‌ಗೆ ಕ್ಯಾಶ್ ಲೈನ್ ಎಂಬ ತುಂಡನ್ನು ಇಡಿಯಾಗಿ ತರುತ್ತದೆ, ಇಂದಿನ ಬಹುತೇಕ ಯಂತ್ರಗಳಲ್ಲಿ ಅದು 64 ಬೈಟ್. ತೂಕಗಳನ್ನು `int` ಅರೇಯಲ್ಲಿಟ್ಟರೆ ಒಂದು ಲೈನಿನಲ್ಲಿ 16 ತೂಕಗಳು ಬರುತ್ತವೆ, ಹತ್ತು ಲಕ್ಷಕ್ಕೆ 62,500 ಲೈನ್ ಸಾಕು, ಮತ್ತು ಓದು ನೇರವಾಗಿ ಮುಂದೆ ಸಾಗುತ್ತಿರುವುದನ್ನು ಗುರುತಿಸಿ ಪ್ರೀಫೆಚರ್ ಮುಂದಿನ ಲೈನುಗಳನ್ನು ಕೇಳುವ ಮೊದಲೇ ತಂದಿಡುತ್ತದೆ. ಮೇಲಿನ ನೋಡ್ 24 ಬೈಟ್. 64-ಬಿಟ್ ಲಿನಕ್ಸಿನಲ್ಲಿ `malloc`ನ ಲೆಕ್ಕಪತ್ರವೂ ಸೇರಿ 32 ಬೈಟ್ ಹಿಡಿಯುತ್ತದೆ. ಅಂದರೆ ಒಟ್ಟು 32 ಎಂಬಿ, ಸಾಮಾನ್ಯ ಲ್ಯಾಪ್‌ಟಾಪಿನ ಕ್ಯಾಶ್‌ಗಳಲ್ಲಿ ಹಿಡಿಸದಷ್ಟು. ತಂದ ಲೈನಿನಲ್ಲಿ ಉಪಯೋಗಕ್ಕೆ ಬರುವುದು ಒಂದೇ ತೂಕ.

ಇದಕ್ಕಿಂತ ದೊಡ್ಡ ಪೆಟ್ಟು ಕಾಯುವಿಕೆಯದ್ದು. ಮುಂದಿನ ಚೀಲ ಯಾವ ಗೋದಾಮಿನಲ್ಲಿದೆ ಎಂಬ ಚೀಟಿಯನ್ನು ಈಗಿನ ಚೀಲದೊಳಗೇ ಇಟ್ಟರೆ, ಹಮಾಲರು ಎಷ್ಟೇ ಜನರಿದ್ದರೂ ಒಬ್ಬರೇ ಓಡಾಡಬೇಕಾಗುತ್ತದೆ. `mundina` ಕೈಗೆ ಸಿಗುವವರೆಗೆ ಅದರ ಮುಂದಿನ ವಿಳಾಸವೇ ಗೊತ್ತಿರುವುದಿಲ್ಲವಾದ್ದರಿಂದ ಪ್ರೊಸೆಸರ್ ಹಲವು ಓದುಗಳನ್ನು ಒಟ್ಟಿಗೆ ಶುರುಮಾಡಲಾರದು. ಮುಖ್ಯ ಮೆಮೊರಿಗೆ ಒಂದು ಸಲ ಹೋಗಿಬರಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿದರೆ, ಹತ್ತು ಲಕ್ಷ ಸಲಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಅರೇಯಲ್ಲಿ ಓದಬೇಕಾದದ್ದು ಬರೀ 4 ಎಂಬಿ; ಸೆಕೆಂಡಿಗೆ 10 ಜಿಬಿಯಂತೆ ಹರಿದರೂ ಅರ್ಧ ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಬಗೆವಾರು, ತಿಂಗಳುವಾರು ಎಂದು ಅದೇ ಲಿಸ್ಟನ್ನು ಮತ್ತೆಮತ್ತೆ ನಡೆದರೆ ಪರದೆಯ ಮುಂದೆ ಕೂತ ಗುಮಾಸ್ತರಿಗೆ ಈ ಅಂತರ ಚೆನ್ನಾಗಿಯೇ ಗೊತ್ತಾಗುತ್ತದೆ.

ನಡುವೆ ಸೇರಿಸುವುದು ಲಿಸ್ಟಿನಲ್ಲಿ ಅಗ್ಗ ಎಂಬ ಮಾತಿಗೆ ಬರುತ್ತೇನೆ. ಜೋಡಿಸುವುದು ಅಗ್ಗವೇ ಸರಿ, ಆದರೆ ಜೋಡಿಸುವ ಜಾಗವನ್ನು ಹುಡುಕಲು ಅದೇ ಚದುರಿದ ಹಾದಿಯನ್ನು ನಡೆಯಲೇಬೇಕು. ಅರೇಯಲ್ಲಿ ಕ್ರಮವಿದ್ದರೆ ಬೈನರಿ ಸರ್ಚಿನಿಂದ ಜಾಗ ಸಿಗುತ್ತದೆ, ಉಳಿದದ್ದನ್ನು `memmove` ಸರಿಸುತ್ತದೆ. ಸರಿಸುವ ಕೆಲಸ ಅಕ್ಕಪಕ್ಕದ ಬೈಟ್‌ಗಳ ಮೇಲೆಯೇ ನಡೆಯುವುದರಿಂದ ಕ್ಯಾಶ್‌ಗೆ ಅದು ಅತ್ಯಂತ ಒಗ್ಗುವ ಕೆಲಸ. ಸಿ++ ರೂಪಿಸಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ 2012ರ ಭಾಷಣವೊಂದರಲ್ಲಿ ತೋರಿಸಿದ್ದು ಇದನ್ನೇ: ಕ್ರಮದಲ್ಲಿ ಸೇರಿಸಿ ತೆಗೆಯುವ ಕೆಲಸದಲ್ಲೂ ಸಿ++ನ ಬೆಳೆಯುವ ಅರೇಯಾದ ವೆಕ್ಟರ್, ಲಿಸ್ಟನ್ನು ಹಿಂದಿಕ್ಕುತ್ತದೆ.

ನಿಮ್ಮಲ್ಲಿಯೂ ಕಾರಣ ಇದೇ ಎಂದು ಖಚಿತಪಡಿಸಿಕೊಳ್ಳಲು ಲಿನಕ್ಸಿನಲ್ಲಿ ಇದನ್ನು ಓಡಿಸಿ:

```
perf stat -e cycles,instructions,cache-misses ./a.out
```

ಸೈಕಲ್ಲಿಗೆ ಒಂದು ಸೂಚನೆಯೂ ಮುಗಿಯದೆ, `cache-misses` ನೀವು ದಾಟಿದ ನೋಡ್‌ಗಳ ಸಂಖ್ಯೆಯ ಆಸುಪಾಸಿನಲ್ಲಿದ್ದರೆ ಪ್ರೊಸೆಸರ್ ಮೆಮೊರಿಗಾಗಿ ಕಾಯುತ್ತಾ ಕೂತಿದೆ ಎಂದರ್ಥ.

ಲಿಸ್ಟ್ ಸರಿಯಾಗುವ ಜಾಗವೂ ಇದೆ. ತೆಗೆಯಬೇಕಾದ ನೋಡಿನ ಪಾಯಿಂಟರ್ ಮೊದಲೇ ಕೈಯಲ್ಲಿದ್ದು, ಲಿಸ್ಟನ್ನು ನಡೆಯುವ ಅಗತ್ಯವೇ ಇಲ್ಲದಿದ್ದರೆ, ಅಥವಾ ದೊಡ್ಡ ವಸ್ತುಗಳು ಮೆಮೊರಿಯಲ್ಲಿ ಕದಲಲೇಬಾರದು ಎಂದಿದ್ದರೆ ಲಿಸ್ಟ್ ಇಡಿ. ಹಳೆಯದನ್ನು ಹೊರಹಾಕುವ ಎಲ್ಆರ್‌ಯು ಸರದಿಯಲ್ಲಿ, ಹ್ಯಾಶ್ ಟೇಬಲ್ಲಿನಿಂದ ನೇರವಾಗಿ ನೋಡ್ ಸಿಗುವಾಗ, ನಾನೂ ಅದನ್ನೇ ಬಳಸುತ್ತೇನೆ. ನೀವು ಹೇಳಿದ ಕೆಲಸ ಇವೆರಡರಲ್ಲಿ ಯಾವುದೂ ಅಲ್ಲ ಎಂದು ನನಗನ್ನಿಸುತ್ತದೆ.