ಹದಿಮೂರು ವಾಕ್ಯ ಬರೆದು ತಂದವರು

ಇವರನ್ನು ಸುಮಾ ಅಂತ ಕರೆಯೋಣ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಬಿ.ಕಾಂ. ಓದಿದವರು. ಒಬ್ಬ ಆಡಿಟರ್ ಆಫೀಸಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಮಕ್ಕಳು ಚಿಕ್ಕವರಿದ್ದಾಗ ಬಿಟ್ಟಿದ್ದರು. ಈಗ ಮನೆಯಿಂದಲೇ ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡಿಕೊಡುವ ಕೆಲಸ ಶುರು ಮಾಡಿದ್ದರು. ಊರಿನ ವರ್ತಕರ ಸಂಘದ ಸಭೆಯಲ್ಲಿ ಹೊಸಬರಿಗೆ ಒಂದು ನಿಮಿಷ ಮಾತಾಡಲು ಬಿಡುತ್ತಾರಂತೆ. ಅದಕ್ಕೆ ಬರೆದ ಪರಿಚಯ ಓದಿದರೆ ನಿಮಿಷ ದಾಟುತ್ತದೆ, ಮಧ್ಯದಲ್ಲೇ ಗಂಟಲು ಕಟ್ಟುತ್ತದೆ. ಭಯ ಹೋಗಿಸಿಕೊಳ್ಳಬೇಕು ಅಂತ ನನ್ನ ಹತ್ತಿರ ಬಂದಿದ್ದರು.

ಭಯದ ಮಾತು ಆಮೇಲೆ, ಮೊದಲು ಚೀಟಿ ಓದಿ ಅಂದೆ. ಹದಿಮೂರು ವಾಕ್ಯ ಇತ್ತು. ಹಿರಿಯರ ಮುಂದೆ ಮಾತಾಡಲು ಅವಕಾಶ ಸಿಕ್ಕಿದ್ದಕ್ಕೆ ಧನ್ಯವಾದ, ಹುಟ್ಟಿದ ಊರು, ಮೊದಲ ದರ್ಜೆ, ಮದುವೆ, ಮಕ್ಕಳಿಗಾಗಿ ಕೆಲಸ ಬಿಟ್ಟದ್ದು, ಈಗ ಮಕ್ಕಳು ದೊಡ್ಡವರಾದದ್ದು. ಆಮೇಲೆ "ಜಿಎಸ್‌ಟಿ, ಟಿಡಿಎಸ್, ಇನ್‌ಕಮ್ ಟ್ಯಾಕ್ಸ್, ಟ್ಯಾಲಿ ಎಲ್ಲ ಮಾಡಿಕೊಡುತ್ತೇನೆ". ಕೊನೆಗೆ "ನಂಬಿಕಸ್ಥ ಸೇವೆಯೇ ನನ್ನ ಗುರಿ, ದಯವಿಟ್ಟು ಒಂದು ಅವಕಾಶ ಕೊಡಿ".

ಸಭೆಯಲ್ಲಿ ಯಾರು ಕೂತಿರುತ್ತಾರೆ ಅಂತ ಕೇಳಿದೆ. "ಎಲ್ಲ ಥರದವರೂ ಇರ್ತಾರೆ ಮೇಡಂ" ಅಂದರು. ಪ್ರತಿ ವಾಕ್ಯದಿಂದ ಕೇಳುವವರಿಗೆ ಏನು ಸಿಗುತ್ತದೆ ಅಂತ ನೋಡುವುದು ನನ್ನ ಪರೀಕ್ಷೆ. ಎಲ್ಲರನ್ನೂ ಎದುರಿಗಿಟ್ಟುಕೊಂಡರೆ ಅದು ನಡೆಯುವುದಿಲ್ಲ. ಗುರುತಿರುವ ಒಬ್ಬರನ್ನು ಆರಿಸಿ ಅಂದೆ. ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯವರನ್ನು ಆರಿಸಿದರು. ಪ್ರತಿ ವಾಕ್ಯದ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳಲು ಹೇಳಿದೆ: ಇದನ್ನು ಕೇಳಿದ ಮೇಲೆ ಅವರಿಗೆ ಏನು ಸಿಕ್ಕಿತು?

ಮೊದಲ ಸುತ್ತಿನಲ್ಲಿ ಒಂದು ವಾಕ್ಯವೂ ಬೀಳಲಿಲ್ಲ. ಮೊದಲ ದರ್ಜೆಯ ಮುಂದೆ "ನಾನು ಬುದ್ಧಿವಂತೆ ಅಂತ ಗೊತ್ತಾಗುತ್ತೆ" ಅಂತ ಬರೆದಿದ್ದರು. ಹುಟ್ಟಿದ ಊರಿನ ಮುಂದೆ "ನಾನು ಈ ಕಡೆಯವಳೇ ಅಂತ ಗೊತ್ತಾಗುತ್ತೆ". ಈ ಪರೀಕ್ಷೆ ಸಾಮಾನ್ಯವಾಗಿ ಕೆಡುವುದು ಇಲ್ಲೇ. ಉತ್ತರದಲ್ಲಿ "ನಾನು" ಬಂತು ಅಂದರೆ ಸಿಕ್ಕಿದ್ದು ಹೇಳುವವರಿಗೆ, ಕೇಳುವವರಿಗಲ್ಲ. ಅದಕ್ಕೆ ನಿಯಮ ಬಿಗಿ ಮಾಡಿದೆವು. ಉತ್ತರ "ಅಂಗಡಿಯವರು" ಎಂದೇ ಶುರುವಾಗಬೇಕು. ನಾಳೆ ಅವರು ಮಾಡಬಹುದಾದ, ಉಳಿಸಬಹುದಾದ ಅಥವಾ ತಪ್ಪಿಸಿಕೊಳ್ಳಬಹುದಾದ ಏನಾದರೂ ಅದರಲ್ಲಿರಬೇಕು.

ಎರಡನೇ ಸುತ್ತಿನಲ್ಲಿ ಹೆಸರು ಬಿಟ್ಟು ಮೊದಲ ಅರ್ಧ ಪೂರ್ತಿ ಸೋತಿತು. ಹೆಸರಿಲ್ಲದೆ ಹುಡುಕಿಕೊಂಡು ಬರುವುದು ಹೇಗೆ, ಹಾಗಾಗಿ ಅದು ಉಳಿಯಿತು. "ನಂಬಿಕಸ್ಥ ಸೇವೆ" ಸುಲಭವಾಗಿಯೇ ಬಿತ್ತು. ನಂಬಬೇಡಿ ಅಂತ ಯಾರೂ ಹೇಳಿಕೊಳ್ಳುವುದಿಲ್ಲ ಅಲ್ವಾ?

ಅವರು ಬಿಡಲು ಒಪ್ಪದಿದ್ದದ್ದು ಮಕ್ಕಳಿಗಾಗಿ ಕೆಲಸ ಬಿಟ್ಟ ವಾಕ್ಯ. "ಅದನ್ನು ಹೇಳದಿದ್ದರೆ ಮೋಸ ಮಾಡಿದ ಹಾಗೆ ಅನ್ಸುತ್ತೆ" ಅಂದರು. ಗಂಟಲು ಕಟ್ಟುತ್ತಿದ್ದದ್ದೂ ಆ ವಾಕ್ಯದ ಹತ್ತಿರವೇ. ಯಾರೂ ಕೇಳದ ಪ್ರಶ್ನೆಗೆ ಅವರು ಮೊದಲೇ ಸಮಜಾಯಿಷಿ ಕೊಡುತ್ತಿದ್ದರು. ನನ್ನ ಮಟ್ಟಿಗೆ ಇದು ಬರವಣಿಗೆಯ ತೊಂದರೆ ಅಲ್ಲ, ಮನಸ್ಸಿನ ಭಾರ. ಹಾಗಂತ ಅದನ್ನು ಹೊಡೆದು ಹಾಕಿ ಅಂತ ನಾನು ಹೇಳಲಿಲ್ಲ. ಬೇರೆ ಹಾಳೆಗೆ ಎತ್ತಿಡಿ, ಯಾರಾದರೂ ಕೇಳಿದರೆ ನೆಟ್ಟಗೆ ಉತ್ತರಿಸಿ ಅಂದೆ. ಉತ್ತರವನ್ನೂ ಬರೆದುಕೊಂಡೆವು: "ಆರು ವರ್ಷ ಕೆಲಸ ಬಿಟ್ಟಿದ್ದೆ. ಆಮೇಲೆ ಬದಲಾದ ನಿಯಮಗಳನ್ನು ಕಲಿತುಕೊಂಡೇ ಮತ್ತೆ ಶುರು ಮಾಡಿದ್ದೇನೆ." ಜೇಬಿನಲ್ಲಿ ಉತ್ತರ ಇದೆ ಅಂತಾದ ಮೇಲೆ ಅದನ್ನು ಸಭೆಯ ಮುಂದೆ ಹೇಳುವ ಆತುರ ಕಡಿಮೆಯಾಯಿತು.

"ಜಿಎಸ್‌ಟಿ, ಟಿಡಿಎಸ್, ಎಲ್ಲ ಮಾಡಿಕೊಡುತ್ತೇನೆ" ಎಂಬ ವಾಕ್ಯವೂ ಸೋತಿತು. ಹಾರ್ಡ್‌ವೇರ್ ಅಂಗಡಿಯವರಿಗೆ ಇವನ್ನೆಲ್ಲ ಮಾಡಿಕೊಡುವವರು ಈಗಾಗಲೇ ಇರುತ್ತಾರೆ. ಹಾಗಾದರೆ ಅಂಗಡಿಯವರ ದುಡ್ಡು ತಿಂಗಳು ತಿಂಗಳು ಎಲ್ಲಿ ಕೈತಪ್ಪಿ ಹೋಗುತ್ತದೆ ಅಂತ ಕೇಳಿದೆ. ಚೀಟಿ ನೋಡದೆ ಮಾತಾಡತೊಡಗಿದರು. ಅಂಗಡಿಯವರು ಒಂದು ಲಕ್ಷದ ಮಾಲು ತಂದರೆ, 18% ತೆರಿಗೆಯಂತೆ 18,000 ರೂಪಾಯಿ ಸೇರಿಸಿ ಕೊಡುತ್ತಾರೆ. ಆ 18,000 ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ, ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿರಬೇಕು. ತಿಂಗಳ ರಿಟರ್ನ್ ಹಾಕುವವರಿಗೆ ಅದರ ಕೊನೆ ದಿನ ಮರು ತಿಂಗಳ 11. ಯಾರು ತೋರಿಸಿದ್ದಾರೆ ಎಂಬ ಪಟ್ಟಿ, ಅಂದರೆ 2ಬಿ, 14ಕ್ಕೆ ಬರುತ್ತದೆ. ಅಂಗಡಿಯವರು ತೆರಿಗೆ ಕಟ್ಟಬೇಕಾದ್ದು 20ರೊಳಗೆ. ಮಧ್ಯೆ ಇರುವ ಈ ದಿನಗಳಲ್ಲಿ ಪಟ್ಟಿಯನ್ನು ಬಿಲ್ಲುಗಳ ಜೊತೆ ತಾಳೆ ನೋಡದಿದ್ದರೆ, ಬಿಟ್ಟುಹೋದ ಬಿಲ್ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಆ ಹೊತ್ತಿಗೆ ಮಾಲು ಕೊಟ್ಟವರಿಗೆ ಪೂರ್ತಿ ದುಡ್ಡು ಸಂದಾಯವಾಗಿರುತ್ತದೆ.

"ಇದನ್ನು ಯಾಕೆ ಬರೆದಿಲ್ಲ?" ಅಂದೆ. "ಇದು ದಿನಾ ಮಾಡೋ ಕೆಲಸ ಅಲ್ವಾ ಮೇಡಂ" ಅಂದರು.

ಉಳಿದದ್ದು ಒಂದೇ, ಒಂಬತ್ತು ವರ್ಷದ ಅನುಭವ. ಗಟ್ಟಿಯಾಗಿ ನೋಡಿದರೆ ಅದರಿಂದ ಅಂಗಡಿಯವರ ಕೈಗೆ ಏನೂ ಬರುವುದಿಲ್ಲ. ಆದರೂ ಅದನ್ನು ಉಳಿಸಲು ಹೇಳಿದೆ. ಬಿಲ್ಲುಗಳನ್ನು ಹೊರಗಿನವರ ಕೈಗೆ ಕೊಡುವ ಮುಂಚೆ "ಇವರಿಗೆ ಗೊತ್ತಾ?" ಎಂಬ ಅನುಮಾನ ಬಂದೇ ಬರುತ್ತದೆ. ಲಾಭದ ಮಾತು ನಂಬುವಂತೆ ಮಾಡುವ ಒಂದು ವಾಕ್ಯ ಇರಲಿ. ಆದರೆ ಅದು ಲಾಭದ ಮಾತಿನ ನಂತರ ಬರಲಿ. ಮೊದಲೇ ಬಂದರೆ ಬಯೋಡೇಟಾ ಓದಿದ ಹಾಗಿರುತ್ತದೆ.

ಕೊನೆಗೆ ನಿಂತದ್ದು ಇಷ್ಟು: "ನಮಸ್ಕಾರ, ನಾನು ಸುಮಾ. ನೀವು ತಂದ ಮಾಲಿನ ಬಿಲ್ಲನ್ನು ಕೊಟ್ಟವರು ಜಿಎಸ್‌ಟಿಯಲ್ಲಿ ತೋರಿಸದಿದ್ದರೆ ಆ ತೆರಿಗೆಯನ್ನು ನೀವು ಮತ್ತೆ ಕೈಯಿಂದ ಕಟ್ಟಬೇಕಾಗುತ್ತದೆ. ಪ್ರತಿ ತಿಂಗಳು 14 ಆದ ಕೂಡಲೇ, ಯಾರ ಯಾರ ಬಿಲ್ ಬಂದಿಲ್ಲ ಅಂತ ನಿಮ್ಮ ವಾಟ್ಸಾಪ್‌ಗೆ ಪಟ್ಟಿ ಕಳಿಸುತ್ತೇನೆ. ಅವರಿಗೆ ಬಾಕಿ ಕೊಡುವ ಮುಂಚೆ ನೀವು ಕೇಳಬಹುದು. ಆಡಿಟರ್ ಆಫೀಸಿನಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ."

ಟೈಲ್ಸ್ ಅಂಗಡಿ ಇಟ್ಟಿರುವ ನಿಮ್ಮ ಭಾವನವರ ಮುಂದೆ ಮನೆಯಲ್ಲಿ ಓದಿ ಬನ್ನಿ ಅಂದೆ. "ಹೇಗಿತ್ತು?" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾರೆ. ಒಂದು ಗಂಟೆ ಬಿಟ್ಟು "ನಾನು ಏನು ಮಾಡಿಕೊಡ್ತೀನಿ ಅಂದೆ?" ಅಂತ ಕೇಳಿ. ಭಾವ ಪಟ್ಟಿಯ ವಿಷಯ ಸರಿಯಾಗಿ ಹೇಳಿದರಂತೆ. ಜೊತೆಗೆ, "ರಿಟರ್ನ್ ಹಾಕೋಕೆ ನಮ್ಮ ಆಡಿಟರ್ ಇದ್ದಾರಲ್ಲ, ಅವರನ್ನು ಬಿಡಬೇಕಾ?" ಅಂತ ಕೇಳಿದರಂತೆ. ಆ ಪ್ರಶ್ನೆಯಿಂದ ಒಂದು ವಾಕ್ಯ ಹೊಸದಾಗಿ ಸೇರಿತು: "ನಿಮ್ಮ ಆಡಿಟರನ್ನು ಬದಲಿಸಬೇಕಾಗಿಲ್ಲ."

ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರ ಮುಂದೆ ಇದೇ ಪರಿಚಯ ಕೆಲಸಕ್ಕೆ ಬರುವುದಿಲ್ಲ ಅಂತಲೂ ಹೇಳಿ ಕಳಿಸಿದೆ. ಅವರಲ್ಲಿ ಹಲವರು ಜಿಎಸ್‌ಟಿಯಲ್ಲಿ ನೋಂದಾಯಿಸಿರುವುದಿಲ್ಲ, 2ಬಿ ಪಟ್ಟಿ ಅವರಿಗೆ ಬೇಡದ ಮಾತು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿತ್ತಲ್ಲ, ಅವರ ಚಿಂತೆ ಆ ಕಡೆಯದು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣ ಅಂತ ಲೆಕ್ಕವಾದರೆ ಮಿತಿ ದಾಟಿದ ಹಾಗೆ ಕಾಣಬಹುದು. ಖಾತೆಗೆ ಬಂದ ಸಾಲ, ಮನೆಯವರ ಹಣ ಬೇರೆ, ವ್ಯಾಪಾರದ ಹಣ ಬೇರೆ ಅಂತ ತಿಂಗಳು ತಿಂಗಳು ವಿಂಗಡಿಸಿ ಬರೆದಿಡುತ್ತೇನೆ ಎಂಬ ವಾಕ್ಯ ಅವರಿಗೆ ಬೇಕು. ಸುಮಾ ಆ ಚೀಟಿಯನ್ನು ಬರೆದು ತಂದಾಗ ಅದರಲ್ಲಿ ಐದೇ ವಾಕ್ಯ ಇತ್ತು. ಅದರಲ್ಲೂ ಒಂದನ್ನು ಅವರೇ ಹೊಡೆದು ಹಾಕಿದ್ದರು.