ಹೋಸ್ ಲೀಕ್ ಹುಡುಕಲು ಯಾವ ಗ್ಲೌಸ್?

"ಹೈಡ್ರಾಲಿಕ್ ಹೋಸ್‌ನಲ್ಲಿ ಎಲ್ಲೋ ಸಣ್ಣದಾಗಿ ಆಯಿಲ್ ಜಿನುಗ್ತಿದೆ. ಕೈಯಿಂದ ತಡವಿ ನೋಡೋಕೆ ಯಾವ ಗ್ಲೌಸ್ ಒಳ್ಳೆಯದು? ಮೊದಲು ಏರ್ ಗನ್ ಹಿಡಿದು ಕ್ಲೀನ್ ಮಾಡ್ಕೊಳ್ಲಾ?"

ಯಾವ ಗ್ಲೌಸೂ ಸಾಲದು. ಕೈಯನ್ನು ಆ ಹೋಸ್ ಹತ್ತಿರ ತರಲೇಬೇಡಿ. ನಾನು ದಪ್ಪ ಲೆದರ್ ಗ್ಲೌಸ್ ಹಾಕಿಕೊಂಡೇ ಪ್ರೆಸ್ ಮೆಷಿನ್‌ನ ಹೋಸ್ ಸವರಿದ್ದೆ. ಪಂಪ್ ಓಡುತ್ತಿತ್ತು, ಗೇಜ್ 200 ಬಾರ್ ಹತ್ತಿರ ಇತ್ತು. ತೋರುಬೆರಳಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಗ್ಲೌಸ್ ತೆಗೆದು ನೋಡಿದರೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ರಕ್ತವೂ ಸರಿಯಾಗಿ ಬಂದಿರಲಿಲ್ಲ. ಚರ್ಮ ತೂತಾಗೋಕೆ 7 ಬಾರ್ ಸಾಕಂತೆ, ಅದು ನನಗೆ ಆಮೇಲೆ ಗೊತ್ತಾಯಿತು.

ನನ್ನ ಬೆರಳಿನ ತುದಿ ಹೋಗಿದ್ದು ಆ ತೂತಿನಿಂದಲ್ಲ, ತೂತು ಎಷ್ಟು ಚಿಕ್ಕದು ಅಂತ ನೋಡಿ ನಾನು ಗಾಯವನ್ನು ಅಳೆದಿದ್ದರಿಂದ. ಬ್ಯಾಂಡೇಜ್ ಸುತ್ತಿಕೊಂಡು ಶಿಫ್ಟ್ ಮುಗಿಸಿದೆ. ಒಳಗೆ ಹೊಕ್ಕ ಆಯಿಲ್ ಚುಕ್ಕೆಯ ಕೆಳಗೆ ನಿಂತಿರುವುದಿಲ್ಲ. ಬೆರಳಿನ ಸ್ನಾಯುರಜ್ಜುವಿನ ಪಕ್ಕದಲ್ಲೇ ಜಾರಿ ಅಂಗೈವರೆಗೆ ಹೋಗುತ್ತದೆ. ಬೆರಳಿನಲ್ಲಿ ಜಾಗ ಕಡಿಮೆ. ಊದಿಕೊಂಡಾಗ ರಕ್ತನಾಳಗಳೇ ಒತ್ತಿಹೋಗುತ್ತವೆ, ಜೊತೆಗೆ ಆಯಿಲ್ ಮಾಂಸವನ್ನು ಸುಡುತ್ತಾ ಇರುತ್ತದೆ. ಮೊದಮೊದಲು ನೋವು ಅಷ್ಟಿಲ್ಲ, ಜೋಮು ಹಿಡಿದ ಹಾಗಿರುತ್ತದೆ ಅಷ್ಟೆ. ಅದನ್ನೇ ನಾನು ಪರವಾಗಿಲ್ಲ ಅಂದುಕೊಂಡೆ. ರಾತ್ರಿ ಬೆರಳು ಬಿಗಿದು ಮಡಚಲು ಬರಲಿಲ್ಲ, ನಾಡಿ ಹೊಡೆದ ಹಾಗೆ ಬಡಿಯುತ್ತಿತ್ತು. ಸರ್ಜನ್ ಬೆರಳಿನ ತುದಿಯಿಂದ ಅಂಗೈವರೆಗೆ ಕೊಯ್ದು ತೊಳೆದರು. ತುದಿ ಉಳಿಯಲಿಲ್ಲ. ಮೊದಲ ಆರು ಗಂಟೆಯೊಳಗೆ ಕೊಯ್ದು ತೊಳೆದರೆ ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಹಾಗಾಗಿ ಚುಕ್ಕೆ ಕಂಡ ತಕ್ಷಣ ಕೈ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. "ಹೈ ಪ್ರೆಶರ್ ಆಯಿಲ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ. ಯಾವ ಆಯಿಲ್, ಎಷ್ಟು ಪ್ರೆಶರ್, ಎಷ್ಟು ಹೊತ್ತಿಗೆ ಆಯಿತು, ಎಲ್ಲ ತಿಳಿಸಿ. ಟಿಟಿ ಹಾಕಿ ಮನೆಗೆ ಕಳಿಸಿದರೆ ಒಪ್ಪಬೇಡಿ. ಗಾಯವನ್ನು ಹಿಂಡಬೇಡಿ, ದಾರಿಯಲ್ಲಿ ಏನೂ ತಿನ್ನಬೇಡಿ, ಆಪರೇಷನ್ ಬೇಕಾಗಬಹುದು.

ಈಗ ನಿಮ್ಮ ಹೋಸ್. ಮೆಷಿನ್ ಆಫ್ ಮಾಡಿ, ಲೋಡ್ ಕೆಳಗಿಳಿಸಿ, ಪ್ರೆಶರ್ ಬಿಡಿ. ಅಕ್ಯುಮುಲೇಟರ್ ಇದ್ದರೆ ಅದನ್ನೂ ಖಾಲಿ ಮಾಡಿ, ಯಾಕೆಂದರೆ ಪಂಪ್ ನಿಂತ ಮೇಲೂ ಅದು ಒತ್ತಡ ಹಿಡಿದಿಟ್ಟಿರುತ್ತದೆ. ಗೇಜ್ ಸೊನ್ನೆಗೆ ಬಂದ ಮೇಲೆ ಬಟ್ಟೆಯಿಂದ ಒರೆಸಿ ನೋಡಿ. ಮೇಲಿನ ರಬ್ಬರ್ ಬಿರುಕು, ಗುಳ್ಳೆ, ಹೊರಗೆ ಕಾಣುವ ವೈರ್, ಕ್ರಿಂಪ್ ಹತ್ತಿರ ಒದ್ದೆ, ಉಜ್ಜಿ ಸವೆದ ಜಾಗ, ಇದರಲ್ಲಿ ಒಂದು ಕಂಡರೂ ಹೋಸ್ ಬದಲಾಯಿಸಿ. ಹೋಸ್ ಮೇಲಿನ ಗೆರೆ ಸುತ್ತಿಕೊಂಡಿದ್ದರೆ ಫಿಟ್ ಮಾಡುವಾಗ ತಿರುಚಿದೆ ಅಂತ ಅರ್ಥ, ಹೊಸದನ್ನು ಹಾಗೆ ಹಾಕಬೇಡಿ. ಟೇಪ್ ಸುತ್ತುವುದು ಬೇಡ. ಓಡುತ್ತಿರುವಾಗಲೇ ನೋಡಬೇಕಾದರೆ ಮುಖಕ್ಕೆ ಶೀಲ್ಡ್ ಹಾಕಿ, ದೂರ ನಿಂತು ಉದ್ದನೆಯ ಕೋಲಿಗೆ ಕಟ್ಟಿದ ರಟ್ಟು ಹಿಡಿಯಿರಿ. ಒದ್ದೆ ಕಲೆ ರಟ್ಟಿನ ಮೇಲೆ ಬೀಳುತ್ತದೆ.

ಏರ್ ಗನ್ ಅಂತೂ ಬೇಡವೇ ಬೇಡ. ಆಯಿಲ್ ಮಂಜಾಗಿ ಕಣ್ಣಿಗೆ ಬರುತ್ತದೆ. ಬಟ್ಟೆ ದೂಳು ಕೊಡವಿಕೊಳ್ಳಲೂ ಅದನ್ನು ಮೈಮೇಲೆ ತಿರುಗಿಸಬೇಡಿ. ಸಣ್ಣ ಗೀರು ಸಿಕ್ಕರೂ ಗಾಳಿ ಚರ್ಮದ ಕೆಳಗೆ ನುಗ್ಗುತ್ತದೆ, ಕೈ ಊದಿ ಒತ್ತಿದರೆ ಚರಚರ ಅನ್ನುತ್ತದೆ. ಹಾಗಾದರೂ ಆಸ್ಪತ್ರೆಗೇ ಹೋಗಿ.