ಸಿಲಿಂಡರ್ ದರ ಬೇರೆ, ಸಬ್ಸಿಡಿಯೂ ಇಲ್ಲ

"ಸಕಲೇಶಪುರ. 29ಕ್ಕೆ ಬುಕ್ ಮಾಡಿದ ಸಿಲಿಂಡರ್ 2ನೇ ತಾರೀಖು ಬಂತು, ಮೆಸೇಜಿಗಿಂತ ಹೆಚ್ಚು ದುಡ್ಡು ತಗೊಂಡ್ರು. ಉಜ್ವಲ ಸಬ್ಸಿಡಿಯೂ ಬಂದಿಲ್ಲ. ಏನ್ ಮಾಡ್ಲಿ?"

ಮೊದಲು ಬಿಲ್ ನೋಡಿ ಸರ್. ದರ ಸಾಮಾನ್ಯವಾಗಿ ತಿಂಗಳ 1ಕ್ಕೆ ಬದಲಾಗುತ್ತೆ. ಮನೆಗೆ ತಂದಾಗ ದುಡ್ಡು ಕೊಡೋದಾದ್ರೆ ತಲುಪಿದ ದಿನದ ದರವೇ ಲೆಕ್ಕ, ಬುಕ್ ಮಾಡಿದ ದಿನದ್ದಲ್ಲ. ಆದರೆ ಬಿಲ್ಲಿನಲ್ಲಿ ಅಚ್ಚಾದ ಮೊತ್ತದಲ್ಲೇ ಮನೆಗೆ ತಂದುಕೊಡೋ ಖರ್ಚೂ ಸೇರಿರುತ್ತೆ. ಅದರ ಮೇಲೆ ಕೇಳಿದ್ದು (ನಮ್ಮ ಘಟ್ಟದ ಕಡೆ "ರಸ್ತೆ ಸರಿ ಇಲ್ಲ" ಅಂತ ಕೇಳೋದು ಮಾಮೂಲಿ) ಕೊಡಬೇಕಿಲ್ಲ. ಬಿಲ್ ಕೊಡದೇ ಹೋಗಿದ್ರೆ ಏಜೆನ್ಸಿಯಲ್ಲಿ ಕೇಳಿ ಪಡೀರಿ, ಇಲ್ಲಾಂದ್ರೆ 1800-2333-555ಕ್ಕೆ ದೂರು ಕೊಡಿ.

ಸಬ್ಸಿಡಿ ಬೀಳೋದು ನೀವು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಬೇರೆಲ್ಲೋ ಹೊಸ ಖಾತೆ ತೆರೆದಿದ್ರೆ ಹಣ ಅಲ್ಲಿರಬಹುದು. ಆಧಾರ್ ವೆಬ್‌ಸೈಟಿನ Bank Seeding Status ನಲ್ಲಿ ಯಾವ ಬ್ಯಾಂಕ್ ಅಂತ ಕಾಣುತ್ತೆ, ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.